‘ಲೈನ್‌ಮನ್’ ಅಂತ ಹುಡುಕಿದರೆ ಲೈನ್‌ಮನ್ ಯಾಕೆ ಸಿಗುವುದಿಲ್ಲ?

ಗೋಣಿಕೊಪ್ಪದಲ್ಲಿ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ. ಡಿಸ್ಪ್ಲೇ ಒಡೆದದ್ದು, ಚಾರ್ಜ್ ಆಗದ್ದು, ಮಳೆಗಾಲದಲ್ಲಿ ನೀರು ಕುಡಿದದ್ದು ಬರುವುದು ಮಾಮೂಲಿ. ಅದರ ಜೊತೆಗೆ ಇನ್ನೊಂದು ಬಗೆಯ ಫೋನ್ ಬರುತ್ತದೆ. ಅದಕ್ಕೆ ಏನೂ ಆಗಿರುವುದಿಲ್ಲ. ‘ಇದರಲ್ಲಿ ನಂಬರ್ ಸಿಗುದಿಲ್ಲ, ಹಾಳಾಗಿದೆ’ ಅಂತ ತಂದು ಇಡುತ್ತಾರೆ.

ಫೆಬ್ರವರಿ ಕೊನೆಯಲ್ಲಿ ಬಾಳೆಲೆ ಕಡೆಯ ಒಬ್ಬ ಅಂಕಲ್ ಹಾಗೇ ಬಂದರು. ಹಿಂದಿನ ದಿನ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದ್ದರಂತೆ. ರೋಬಸ್ಟಾ ಕೊಯ್ಲು ಮುಗಿದಿತ್ತು, ಹೂವಿಗೆ ನೀರು ಕೊಡುವ ಹೊತ್ತು. ಸಂಜೆ ಏಳೂವರೆಗೆ ಮೋಟಾರ್ ಗುಂಯ್ ಅಂತ ನಿಂತಿತು. ನೋಡಿದರೆ ಒಂದು ಫೇಸ್ ಇಲ್ಲ. ಲೈನ್‌ಮನ್‌ಗೆ ಫೋನ್ ಮಾಡೋಣ ಅಂತ `Lineman` ಎಂದು ಹುಡುಕಿದರು. ಒಂದೂ ಬರಲಿಲ್ಲ. ಹೂವಿಗೆ ಕೊಡುವ ನೀರು ಅರ್ಧಕ್ಕೆ ನಿಂತರೆ ಏನಾಗುತ್ತದೆ ಅಂತ ತೋಟದವರಿಗೆ ಹೇಳಬೇಕಾಗಿಲ್ಲ. ಕತ್ತಲಲ್ಲಿ ಟಾರ್ಚ್ ಹಿಡಿದು ಪಕ್ಕದ ಮನೆಗೆ ಹೋಗಿ ನಂಬರ್ ತಂದರಂತೆ. ‘ಎಂತ ಮಾಡುದು ಮಾರಾಯ, ಇಷ್ಟು ದುಡ್ಡು ಕೊಟ್ಟು ತೆಗೆದ ಫೋನ್’ ಅಂದರು.

ಅವರ ಫೋನಿನಲ್ಲಿ ಲೈನ್‌ಮನ್‌ಗಳ ನಂಬರ್ ನಾಲ್ಕು ಇದ್ದವು. ನಾಲ್ಕೂ ಬೇರೆ ಬೇರೆ ಕಾರಣಕ್ಕೆ ಕಾಣದೆ ಹೋಗಿದ್ದವು. ಈ ದೋಷ ಹಿಡಿಯುವುದು ಹೇಗೆ ಅಂತ ಹೇಳಲು ಆ ನಾಲ್ಕೇ ಸಾಕು.

ಮೊದಲು ನೋಡಬೇಕಾದ್ದು: ನಂಬರ್ ಇದೆಯಾ, ಇಲ್ವಾ?

ಹೆಸರು ಸಿಗದಿದ್ದರೆ ನಂಬರೇ ಇಲ್ಲ ಅಂತ ಅಲ್ಲ. ಇವೆರಡೂ ಬೇರೆ ದೋಷ, ಔಷಧಿಯೂ ಬೇರೆ. ಆದ್ದರಿಂದ ಮೊದಲು ಆ ನಂಬರ್ ಅನ್ನೇ ಎಲ್ಲಿಂದಾದರೂ ತರಿಸಿ. ಪಕ್ಕದ ಮನೆಯವರ ಫೋನ್, ಹಳೇ ಡೈರಿ, ಗೋಡೆಯ ಕ್ಯಾಲೆಂಡರ್, ಯಾವುದಾದರೂ ಸರಿ. ಕಾಂಟ್ಯಾಕ್ಟ್ ಪುಟದ ಹುಡುಕುವ ಜಾಗದಲ್ಲಿ ಅದರ ಮೊದಲ ಐದಾರು ಅಂಕಿ ಒತ್ತಿ.

ಅಂಕಿ ಒತ್ತಿದಾಗ ಬಂದು, ಹೆಸರು ಒತ್ತಿದಾಗ ಬರದಿದ್ದರೆ ದೋಷ ಹೆಸರಿಟ್ಟ ರೀತಿಯಲ್ಲಿದೆ. ಮುಂದಿನ ಮಾತೆಲ್ಲ ಅದರ ಬಗ್ಗೆಯೇ.

ಅಂಕಿ ಒತ್ತಿದರೂ ಬರದಿದ್ದರೆ ಆ ನಂಬರ್ ಈ ಫೋನಿಗೆ ಕಾಣುತ್ತಿಲ್ಲ. ನಾನು ಜಾಸ್ತಿ ನೋಡುವ ಕಾರಣ ಒಂದೇ. ಬೆಂಗಳೂರಲ್ಲಿರುವ ಮಗ ಊರಿಗೆ ಬಂದಾಗ ಅಪ್ಪನಿಗೆ ಹೊಸ ಫೋನ್ ಹಾಕಿಕೊಟ್ಟಿರುತ್ತಾನೆ. ಆತುರಕ್ಕೆ ತನ್ನದೇ ಜಿಮೇಲ್ ಹಾಕಿರುತ್ತಾನೆ. ಅಪ್ಪ ಆಮೇಲೆ ಸೇವ್ ಮಾಡಿದ್ದೆಲ್ಲ ಮಗನ ಖಾತೆಗೆ ಸೇರುತ್ತದೆ. ಮುಂದೆ ಯಾರೋ ಆ ಖಾತೆ ತೆಗೆದು ಹಾಕಿದ ದಿನ ಎಲ್ಲ ಮಾಯ. ಅಲ್ಲಿ ಬೆಂಗಳೂರಿನ ಮಗನ ಫೋನ್ ತೆರೆದರೆ ಮೇಸ್ತ್ರಿ, ಪಲ್ಪರ್ ರಿಪೇರಿಯವ, ಗೊಬ್ಬರದ ಅಂಗಡಿ ಎಲ್ಲ ಸಿಗುತ್ತಾರೆ. ಇಂಥದ್ದಕ್ಕೆ ಖಾತೆ ಮತ್ತೆ ಸೇರಿಸಿ ಸಿಂಕ್ ಆನ್ ಮಾಡಿದರೆ ಆಯಿತು. ನಂಬರ್ ಅಳಿಸಿಯೇ ಹೋಗಿದ್ದರೆ `contacts.google.com` ತೆರೆದು ಅದರ ಟ್ರ್ಯಾಶ್ ನೋಡಿ. ಅಳಿಸಿದ್ದು ಅಲ್ಲಿ 30 ದಿನ ಇರುತ್ತದೆ. ಅಷ್ಟರೊಳಗೆ ಬಂದವರಿಗೆ ತೆಗೆದುಕೊಟ್ಟಿದ್ದೇನೆ. ಎರಡು ತಿಂಗಳು ಬಿಟ್ಟು ಬಂದವರಿಗೆ ಕಾಫಿ ಕುಡಿಸಿ ಕಳಿಸಿದ್ದೇನೆ.

ಅಂಕಲ್ ಫೋನಿನಲ್ಲಿ ಅಂಕಿ ಒತ್ತಿದ ಕೂಡಲೇ ಬಂತು. ಹೆಸರು `Ganesh New`.

ನಾಲ್ಕು ನಂಬರ್, ನಾಲ್ಕು ದೋಷ

ಮೊದಲನೆಯದು ಇದೇ `Ganesh New`. ಅವರ ಫೋನಿನಲ್ಲಿ ಏಳು ಗಣೇಶ ಇದ್ದರು. ಲೈನ್‌ಮನ್ ಎಂಬ ಮಾತು ಈ ಹೆಸರಿನಲ್ಲಿ ಎಲ್ಲಿಯೂ ಇಲ್ಲ. ಇಲ್ಲದ್ದನ್ನು ಫೋನ್ ಹುಡುಕಿಕೊಡುವುದು ಹೇಗೆ? ಸೇವ್ ಮಾಡುವಾಗ ಅವನು ಎದುರಿಗೇ ನಿಂತಿರುತ್ತಾನೆ. ಆಗ ಹೆಸರು ಸಾಕು ಅನ್ನಿಸುತ್ತದೆ. ಎಂಟು ತಿಂಗಳ ಮೇಲೆ ಕರೆಂಟ್ ಹೋದಾಗ ಹೆಸರು ಮರೆತಿರುತ್ತದೆ, ಕೆಲಸ ಮಾತ್ರ ನೆನಪಿರುತ್ತದೆ. ಇನ್ನು ಈ `New` ಅನ್ನುವುದು ನಮ್ಮ ಕಡೆಯ ದೊಡ್ಡ ಕಾಯಿಲೆ. `Ganesh New`, `Ganesh New 2`, `Driver New`. 2017ರ ನ್ಯೂ ಯಾವುದು, ಮೊನ್ನೆಯ ನ್ಯೂ ಯಾವುದು ಅಂತ ಆ ದೇವರಿಗೇ ಗೊತ್ತು.

ಎರಡನೆಯದು `Linman Balle`. ಮೊಮ್ಮಗಳು ಸೇವ್ ಮಾಡಿದ್ದು. ಅಂಕಲ್ `Line` ಎಂದು ಒತ್ತಿದರು. ಇದರಲ್ಲಿ ನಾಲ್ಕನೇ ಅಕ್ಷರ `m`. ಅಲ್ಲಿಗೆ ಪಟ್ಟಿಯಿಂದ ಹೊರಗೆ ಬಿತ್ತು. `Lin` ಅಂತ ಮೂರೇ ಅಕ್ಷರ ಒತ್ತಿ ನಿಲ್ಲಿಸಿದ್ದರೆ ಮೇಲೆ ಬರುತ್ತಿತ್ತು. ಇದೊಂದು ಒಳ್ಳೆಯ ಪರೀಕ್ಷೆ. ಸಿಗದಿದ್ದಾಗ ಇನ್ನಷ್ಟು ಅಕ್ಷರ ಸೇರಿಸಬೇಡಿ, ಒಂದೊಂದೇ ಅಳಿಸುತ್ತಾ ಬನ್ನಿ. ಅಳಿಸುವಾಗ ಎಲ್ಲಿ ಬಂತೋ ಅಲ್ಲೇ ಕಾಗುಣಿತ ತಪ್ಪಿದೆ.

ಮೂರನೆಯದು ಕನ್ನಡದಲ್ಲಿ ಬರೆದ ‘ಲೈನ್‌ಮನ್’. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಅಕ್ಷರದ ಹೆಸರು ಬರುತ್ತದೆ ಅಂತ ನಂಬಿ ಕೂರಬೇಡಿ. ಫೋನಿಗೆ ಅವೆರಡೂ ಬೇರೆ ಗುರುತು. ಸರಿ, ಕನ್ನಡದಲ್ಲೇ ಒತ್ತಿ ನೋಡಿದೆ. ಆಗಲೂ ಬರಲಿಲ್ಲ! ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ‘ಲೈನ್’ ಆದಮೇಲೆ ‘ಮನ್’ ಬಿಡಿಯಾಗಿ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರಬೇಕು. ಕೆಲವು ಕೀಬೋರ್ಡ್ ಅದನ್ನು ತಾನೇ ಹಾಕುತ್ತದೆ. ಕೆಲವು ಹಾಕುವುದಿಲ್ಲ, ಆಗ ‘ಲೈನ್ಮನ್’ ಅಂತ ಒತ್ತಕ್ಷರ ಬೀಳುತ್ತದೆ. ಹಳೇ ಫೋನಿನ ಕೀಬೋರ್ಡಿನಲ್ಲಿ ಸೇವ್ ಮಾಡಿ ಹೊಸ ಫೋನಿನ ಕೀಬೋರ್ಡಿನಲ್ಲಿ ಹುಡುಕಿದಾಗ ಎರಡೂ ತಾಳೆಯಾಗದೆ ಇರಬಹುದು. ‘ಮೆಕ್ಯಾನಿಕ್’, ‘ರೇಂಜರ್’ ತರಹ ಕೊನೆಗೆ ಅರ್ಧಾಕ್ಷರ ಬರುವ ಕಡೆ ಇನ್ನೂ ಕಷ್ಟ. ಅಲ್ಲಿ ಆ ಗುರುತು ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ಒಂದೇ ತರಹ ಕಾಣುತ್ತದೆ. ಪರೀಕ್ಷೆ ಮತ್ತೆ ಅದೇ. ‘ಲೈ’ ಅಂತ ಒಂದೇ ಅಕ್ಷರ ಒತ್ತಿ. ಬಂತಾ? ಹಾಗಾದರೆ ಮುಂದಿನ ಅಕ್ಷರಗಳಲ್ಲೇ ಎಲ್ಲೋ ಗುರುತು ಅಡಗಿದೆ. ಇಡೀ ಪದ ಅಳಿಸಿ, ಈಗ ದಿನಾ ಬಳಸುವ ಕೀಬೋರ್ಡಿನಲ್ಲೇ ಮತ್ತೆ ಬರೆಯಿರಿ.

ಈ ಮೂರನೆಯದರಲ್ಲಿ ಇನ್ನೊಂದು ಎಡವಟ್ಟೂ ಇತ್ತು. ಅದು ಸಿಮ್‌ನಲ್ಲಿ ಸೇವ್ ಆಗಿತ್ತು. ಸಿಮ್‌ನಲ್ಲಿ ಹೆಸರಿಗೆ ಇರುವ ಜಾಗ ಬಹಳ ಸಣ್ಣದು. ಸಾಮಾನ್ಯವಾಗಿ ಹದಿನಾಲ್ಕೋ ಹದಿನೆಂಟೋ ಇಂಗ್ಲಿಷ್ ಅಕ್ಷರ. ಕನ್ನಡದಲ್ಲಿ ಬರೆದರೆ ಇನ್ನೂ ಬೇಗ ತುಂಬಿಹೋಗಬಹುದು. ಕಂಪನಿ, ಅಡ್ಡಹೆಸರು, ಟಿಪ್ಪಣಿ ಇವಕ್ಕೆಲ್ಲ ಅಲ್ಲಿ ಜಾಗವೇ ಇಲ್ಲ. ‘ಲೈನ್‌ಮನ್’ ಆದಮೇಲೆ ಅಂಕಲ್ ಊರಿನ ಹೆಸರೂ ಹಾಕಿದ್ದರಂತೆ, ಅದು ತುಂಡಾಗಿ ಹೋಗಿತ್ತು. ಎಡಿಟ್ ಮಾಡಲು ತೆರೆದಾಗ ಹೆಸರು ಮತ್ತು ನಂಬರ್ ಎರಡೇ ಖಾನೆ ಕಂಡರೆ ಅದು ಸಿಮ್‌ನದ್ದು ಅಂತ ತಿಳಿಯಿರಿ. ಅದನ್ನು ಗೂಗಲ್ ಖಾತೆಗೆ ದಾಟಿಸದೆ ಮುಂದಿನ ರಿಪೇರಿ ಮಾಡಿ ಪ್ರಯೋಜನವಿಲ್ಲ.

ನಾಲ್ಕನೆಯದು `KEB Bopanna`. ಇದು ಮಾತ್ರ ಸರಿಯಾದ ದಾರಿಯಲ್ಲಿತ್ತು, ಅಂಕಲ್ ಬೇರೆ ಪದ ಒತ್ತಿದ್ದರಿಂದ ಸಿಗಲಿಲ್ಲ ಅಷ್ಟೇ. ಆದರೆ ಸಿಕ್ಕಿದ್ದರೂ ಉಪಯೋಗವಿರಲಿಲ್ಲ. ಅವರು ರಿಟೈರ್ ಆಗಿ ಮೂರು ವರ್ಷವಾಗಿತ್ತು.

ಬಾಯಿಗೆ ಬರುವ ಪದ ಯಾವುದು?

ಅಂಕಲ್ ಹತ್ತಿರ ನಾನು ಕೇಳಿದ್ದು ಒಂದೇ ಪ್ರಶ್ನೆ. ‘ಕರೆಂಟ್ ಹೋದ ಕೂಡಲೇ ಮನೆಯಲ್ಲಿ ಏನು ಹೇಳ್ತೀರಿ?’ ಅವರು ತಡಮಾಡದೆ ‘ಕೆಇಬಿಗೆ ಫೋನ್ ಮಾಡು ಅಂತ’ ಅಂದರು.

ಕೆಇಬಿ ಎಂಬ ಹೆಸರು 1999ರಲ್ಲೇ ಹೋಯಿತು. ಆಮೇಲೆ ಕೆಪಿಟಿಸಿಎಲ್ ಬಂತು. ಈಗ ಕೊಡಗಿಗೆ ಕರೆಂಟ್ ಕೊಡುವುದು ಮೈಸೂರಿನ ಚಾಮುಂಡೇಶ್ವರಿ ಕಂಪನಿ. ಅದನ್ನೂ ಕೆಲವರು ಸೆಸ್ಕ್ ಅನ್ನುತ್ತಾರೆ, ಕೆಲವರು ಚೆಸ್ಕಾಂ ಅನ್ನುತ್ತಾರೆ. ಬಿಲ್ಲಿನಲ್ಲಿ ಏನೇ ಬರೆದಿರಲಿ, ನಮ್ಮ ಬಾಯಲ್ಲಿ ಕೆಇಬಿಯೇ. ಹಾಗಾದರೆ ಫೋನಿನಲ್ಲಿ ಯಾವುದು ಇರಬೇಕು? ನೀವು ಹುಡುಕುವಾಗ ಒತ್ತುವ ಪದವೇ ಇರಬೇಕು. ಸರ್ಕಾರಿ ಹೆಸರು ಬೇಕಿದ್ದರೆ ಕಂಪನಿ ಖಾನೆಯಲ್ಲಿ ಇರಲಿ.

ಇಷ್ಟು ಗೊತ್ತಾದ ಮೇಲೆ ಯಾವ ಪದ ಯಾವ ಖಾನೆಗೆ ಎಂಬುದು ಬರುತ್ತದೆ. ಫೋನಿನಲ್ಲಿ ಹುಡುಕುವ ಜಾಗ ಒಂದೇ ಅಲ್ಲ. ಕಾಂಟ್ಯಾಕ್ಟ್ ಪುಟದಲ್ಲಿ ಒಂದಿದೆ. ಡಯಲ್ ಮಾಡುವ ಅಂಕಿಗಳ ಮೇಲೆಯೇ ಹೆಸರು ಒತ್ತಬಹುದು, ಅದು ಇನ್ನೊಂದು. ವಾಟ್ಸಾಪ್‌ನದ್ದು ಮತ್ತೊಂದು. ಕಾಂಟ್ಯಾಕ್ಟ್ ಪುಟದ್ದು ಸಾಮಾನ್ಯವಾಗಿ ಕಂಪನಿ, ಅಡ್ಡಹೆಸರು ಇವನ್ನೂ ಕೆದಕಿ ನೋಡುತ್ತದೆ. ಉಳಿದೆರಡು ಹೆಸರಿನ ಖಾನೆ ಬಿಟ್ಟು ಆಚೆ ನೋಡುವುದು ಕಡಿಮೆ. ಅದಕ್ಕೇ ಕೆಲವರು ‘ನಾನು ಕಂಪನಿ ಖಾನೆಯಲ್ಲಿ ನೀಟಾಗಿ ಬರೆದಿದ್ದೇನೆ, ಒಮ್ಮೆ ಸಿಗ್ತದೆ ಒಮ್ಮೆ ಸಿಗುದಿಲ್ಲ’ ಅನ್ನುವುದು. ಫೋನ್ ಆಟ ಆಡುತ್ತಿಲ್ಲ. ಅವರು ಒಮ್ಮೆ ಆ ಪುಟದಲ್ಲಿ ಹುಡುಕಿದ್ದಾರೆ, ಒಮ್ಮೆ ಈ ಪುಟದಲ್ಲಿ.

ಹಾಗಾಗಿ ನನ್ನ ಪದ್ಧತಿ ಹೀಗೆ: ಹೆಸರು, ಕೆಲಸ, ಊರು ಮೂರೂ ಹೆಸರಿನ ಖಾನೆಯಲ್ಲೇ. ಉಳಿದದ್ದು ಬೇರೆ ಖಾನೆಗಳಲ್ಲಿ. ಅಂಕಲ್ ಫೋನಿನ ಗಣೇಶ ಕೊನೆಗೆ ಹೀಗಾದ:

```
ಮೊದಲು : Ganesh New
ಈಗ    : Ganesh KEB Lineman Balele
ಅಡ್ಡಹೆಸರು : ಗಣಿ
ಕಂಪನಿ  : CESC
```

ಹೆಸರು ಯಾಕೆ ಮೊದಲು, ಕೆಲಸ ಯಾಕೆ ಆಮೇಲೆ ಅಂತ ಕೇಳುತ್ತಾರೆ. ಹುಡುಕುವುದಕ್ಕೆ ಎರಡೂ ಒಂದೇ. ಈ ಹುಡುಕಾಟಗಳು ಸಾಮಾನ್ಯವಾಗಿ ಪ್ರತಿ ಪದದ ಶುರುವನ್ನು ನೋಡುತ್ತವೆ, ಆದ್ದರಿಂದ `Lineman` ಮೂರನೇ ಪದವಾಗಿದ್ದರೂ ಸಿಗುತ್ತದೆ. ವ್ಯತ್ಯಾಸ ಬರುವುದು ಅವನು ನಮಗೆ ಫೋನ್ ಮಾಡಿದಾಗ. ಪರದೆಯ ಮೇಲೆ, ಕಾರಿನ ಸ್ಟೀರಿಯೊದಲ್ಲಿ ಉದ್ದ ಹೆಸರಿನ ಬಾಲ ತುಂಡಾಗುತ್ತದೆ. `KEB Lineman Bal...` ಅಂತ ಕಂಡರೆ ಯಾರು ಅಂತ ಗೊತ್ತಾಗದೆ ಸುಮ್ನೆ ‘ಹಲೋ ಯಾರು’ ಅನ್ನಬೇಕು. ವರ್ಷಗಟ್ಟಲೆ ಗುರುತಿರುವ ಮನುಷ್ಯನಿಗೆ ಅದು ಚೆನ್ನಾಗಿರುವುದಿಲ್ಲ.

ಪದದ ಶುರು ಅಂದೆನಲ್ಲ, ಅದರಿಂದಲೇ ಇನ್ನೊಂದು ದೋಷ ಹುಟ್ಟುತ್ತದೆ. ಪದಗಳನ್ನು ಅಂಟಿಸಿ ಬರೆದರೆ ಎರಡನೇ ಪದಕ್ಕೆ ಶುರುವೇ ಇರುವುದಿಲ್ಲ. `GaneshLineman` ಅಂತ ಇದ್ದರೆ `Line` ಒತ್ತಿದಾಗ ಬರದೆ ಹೋಗಬಹುದು. ಪಟ್ಟಿಯ ಮೇಲೆ ಬರಲಿ ಅಂತ `A_Driver` ಮಾಡುವವರಿಗೂ, `M.P.Ponnappa` ಅಂತ ಇನಿಶಿಯಲ್ ಅಂಟಿಸುವವರಿಗೂ ಇದೇ ಪೇಚು. ನಡುವೆ ಒಂದು ಖಾಲಿ ಜಾಗ ಬಿಡಿ, ಅಷ್ಟೇ.

ಅಂಕಿಗಳ ಮೇಲೆ ಹುಡುಕುವವರಿಗೆ ಒಂದು ಲಾಭವೂ ಇದೆ. `KEB` ಅಂದರೆ 532. ಕೈಯಲ್ಲಿ ಟಾರ್ಚ್ ಇದ್ದಾಗ ಒಂದೇ ಹೆಬ್ಬೆರಳಲ್ಲಿ ಮೂರು ಗುಂಡಿ. ಆನೆ ಬಂದರೆ ಕರೆಯುವ ಅರಣ್ಯ ಇಲಾಖೆಯ ಆರ್‌ಆರ್‌ಟಿ ತಂಡದ ನಂಬರ್ `RRT` ಅಂತಲೇ ಇದ್ದರೆ 778. ಇದು ಇಂಗ್ಲಿಷ್ ಅಕ್ಷರದಲ್ಲಿ ಇದ್ದರೆ ಮಾತ್ರ ನಡೆಯುತ್ತದೆ, ಅಂಕಿಗಳ ಮೇಲೆ ಕನ್ನಡ ಅಕ್ಷರ ಇಲ್ಲವಲ್ಲ. ಅದಕ್ಕೇ ತುರ್ತಿನ ನಂಬರ್‌ಗಳ ಕೆಲಸದ ಪದವನ್ನು ನಾನು ಇಂಗ್ಲಿಷ್ ಅಕ್ಷರದಲ್ಲಿ ಇಡಿಸುತ್ತೇನೆ. ಕನ್ನಡದಲ್ಲೇ ಬೇಕು ಅನ್ನುವವರು ಅಡ್ಡಹೆಸರಿನ ಖಾನೆಯಲ್ಲಿ ಕನ್ನಡ ಹಾಕಿಕೊಳ್ಳಲಿ.

ಸೀಯಿಂದಲೋ ಕೆಯಿಂದಲೋ

ನಮ್ಮ ಜಿಲ್ಲೆಯಲ್ಲಿ ಹೆಸರಿನದೇ ಒಂದು ರಗಳೆ. ಬೋಪಣ್ಣ, ಪೊನ್ನಪ್ಪ, ಮುತ್ತಪ್ಪ, ಸುಬ್ಬಯ್ಯ ಇವು ಪ್ರತಿ ಊರಲ್ಲೂ ನಾಲ್ಕೈದು. ಅದರ ಮೇಲೆ ಒಂದೊಂದು ಹೆಸರಿಗೆ ಇಂಗ್ಲಿಷ್‌ನಲ್ಲಿ ಮೂರು ಕಾಗುಣಿತ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು `Cariappa` ಎಂದು ಸೀಯಿಂದ ಬರೆದರು. ಅದೇ ಹೆಸರಿನವರು ನಮ್ಮ ಊರಲ್ಲಿ ಕೆಯಿಂದ `Kariappa` ಎಂದು ಬರೆಯುತ್ತಾರೆ. ಜನರಲ್ ತಿಮ್ಮಯ್ಯನವರದ್ದು `Thimayya`. ನಿಮ್ಮ ಪರಿಚಯದವರು `Thimmaiah` ಇರಬಹುದು, `Timmaiah` ಇರಬಹುದು. ಮೊದಲ ಅಕ್ಷರವೇ ಬೇರೆಯಾದರೆ, ಮೇಲೆ ಹೇಳಿದ ಅಳಿಸುವ ಪರೀಕ್ಷೆಯೂ ಕೆಲಸಕ್ಕೆ ಬರುವುದಿಲ್ಲ. ಸೀ ಅಳಿಸಿದರೆ ಉಳಿಯುವುದೇನು?

ಇಂಥದ್ದಕ್ಕೆ ಕಾಗುಣಿತ ಬಿಟ್ಟು ಬೇರೆ ಪದದಿಂದ ಒಳಗೆ ಹೋಗಿ. ಊರು ಒತ್ತಿ, ಕೆಲಸ ಒತ್ತಿ. ಸಿಕ್ಕಿದ ಮೇಲೆ ಹೆಸರಿನ ಖಾನೆಯಲ್ಲಿ ಅವರು ಬರೆದುಕೊಳ್ಳುವ ಹಾಗೆ ಇಡಿ. ನಿಮ್ಮ ಬೆರಳು ತಪ್ಪಿ ಒತ್ತುವ ಕಾಗುಣಿತವನ್ನು ಅಡ್ಡಹೆಸರಿನ ಖಾನೆಯಲ್ಲಿ ಹಾಕಿ. `Cariappa` ಹೆಸರಿಗೆ ಅಡ್ಡಹೆಸರು `Kariappa`. ನೋಡಲು ತಮಾಷೆ, ಆದರೆ ಕಾಂಟ್ಯಾಕ್ಟ್ ಪುಟದಲ್ಲಿ ಎರಡರಿಂದಲೂ ಅದೇ ಮನುಷ್ಯ ಸಿಗುತ್ತಾನೆ. ಊರಿನ ಹೆಸರಿಗೂ ಇದೇ ಮಾತು. ಗೋಣಿಕೊಪ್ಪ, ಗೋಣಿಕೊಪ್ಪಲು ಎರಡೂ ಒಂದೇ ತರಹ ಶುರುವಾಗುವುದರಿಂದ ತೊಂದರೆಯಿಲ್ಲ. ಮಡಿಕೇರಿಯನ್ನು ಈಗಲೂ ಮರ್ಕರಾ ಅನ್ನುವ ಹಳಬರ ಫೋನಿನಲ್ಲಿ ಅರ್ಧ ಜನ `Mercara`, ಅರ್ಧ ಜನ `Madikeri`. ಒಂದನ್ನೇ ಹಿಡಿಯಬೇಕು.

ಅಡ್ಡಹೆಸರಿನ ವಿಷಯ ಇನ್ನೂ ಮಜಾ. ಆ ಇಬ್ಬರು ದೊಡ್ಡವರಿಗೇ ಸೈನ್ಯದಲ್ಲಿ ಅಡ್ಡಹೆಸರಿತ್ತು. ಕಾರ್ಯಪ್ಪನವರು ಕಿಪ್ಪರ್, ತಿಮ್ಮಯ್ಯನವರು ಟಿಮ್ಮಿ. ನಮ್ಮ ಕಡೆ ಎಷ್ಟೋ ಜನರ ನಿಜವಾದ ಹೆಸರು ಗೊತ್ತಾಗುವುದು ಮದುವೆ ಪತ್ರಿಕೆ ಬಂದಾಗಲೇ. ಅಂಥವರನ್ನು ಪತ್ರಿಕೆಯ ಹೆಸರಲ್ಲಿ ಸೇವ್ ಮಾಡಿದರೆ ಯಾವತ್ತೂ ಸಿಗುವುದಿಲ್ಲ. ದಿನಾ ಕರೆಯುವ ಹೆಸರು ಮುಂದಿನ ಖಾನೆಗೆ ಬರಲಿ, ಪತ್ರಿಕೆಯ ಹೆಸರು ಅಡ್ಡಹೆಸರಿನ ಖಾನೆಗೆ ಹೋಗಲಿ. ಖಾನೆಯ ಹೆಸರು ನೋಡಿ ಹೆದರಬೇಡಿ, ಫೋನಿಗೆ ಎರಡೂ ಬರೀ ಅಕ್ಷರ.

ಒಂದೇ ಎಚ್ಚರಿಕೆ. ನಮಗೆ ಮಾತ್ರ ಗೊತ್ತಿರಬೇಕಾದ ಅಡ್ಡಹೆಸರನ್ನು ಹಾಕಬೇಡಿ. ಕಾಂಟ್ಯಾಕ್ಟ್ ಯಾರಿಗಾದರೂ ಕಳಿಸಿದಾಗ ಹೆಸರಿನ ಖಾನೆಯಲ್ಲಿ ಇದ್ದದ್ದು ಹಾಗೇ ಹೋಗುತ್ತದೆ. ಕೆಲವು ಸಲ ಅಡ್ಡಹೆಸರು, ಟಿಪ್ಪಣಿಯೂ ಜೊತೆಗೆ ಹೋಗುತ್ತದೆ. ನನ್ನ ಗಿರಾಕಿಯೊಬ್ಬರು ಒಬ್ಬರ ನಂಬರ್ ಕೇಳಿದವರಿಗೆ ಕಳಿಸಿಕೊಟ್ಟರು. ಅದು ‘ಬಾಕಿ ಪಾರ್ಟಿ’ ಅಂತ ಸೇವ್ ಆಗಿತ್ತು. ಕೇಳಿದವರು ಅದೇ ಪಾರ್ಟಿಯ ಭಾವ.

ನಂಬರ್ ಮನುಷ್ಯನದ್ದಾ, ಕುರ್ಚಿಯದ್ದಾ?

ಹುಡುಕಿದರೆ ಸಿಗುತ್ತದೆ, ಆದರೆ ಫೋನ್ ಎತ್ತುವವರು ಬೇರೆ. ಇದು ಕೊನೆಯ ದೋಷ, ಇದನ್ನು ಫೋನಿನಲ್ಲಿ ಎಷ್ಟು ನೋಡಿದರೂ ಹಿಡಿಯಲು ಆಗುವುದಿಲ್ಲ. ಸೇವ್ ಮಾಡುವ ದಿನವೇ ಒಂದು ಮಾತು ಕೇಳಬೇಕು: ‘ಇದು ನಿಮ್ಮ ಸ್ವಂತ ನಂಬರಾ, ಆಫೀಸಿನದ್ದಾ?’

ಆಫೀಸು ಕೊಟ್ಟ ಸಿಮ್ ಆದರೆ ಅವರಿಗೆ ವರ್ಗವಾದಾಗ ನಂಬರ್ ಅಲ್ಲೇ ಉಳಿದು ಮುಂದೆ ಬಂದವರ ಕೈಗೆ ಹೋಗುತ್ತದೆ. ಅಂಥ ನಂಬರಿಗೆ ಮನುಷ್ಯನ ಹೆಸರು ಮುಂದೆ ಇರಬಾರದು. `KEB Lineman Balele` ಅಂತಷ್ಟೇ ಇರಲಿ, ಈಗ ಇರುವವರ ಹೆಸರು ಟಿಪ್ಪಣಿಯಲ್ಲಿ ಇರಲಿ. ಸ್ವಂತ ನಂಬರ್ ಆದರೆ ಉಲ್ಟಾ. ಮನುಷ್ಯ ಮುಂದೆ, ಕೆಲಸ ಹಿಂದೆ. ಅವರು ಕುಟ್ಟಕ್ಕೋ ಸೋಮವಾರಪೇಟೆಗೋ ಹೋದರೆ ಊರಿನ ಪದ ಒಂದನ್ನು ಬದಲಿಸಿದರೆ ಆಯಿತು.

ಅಂಕಲ್ ಕೈಯಲ್ಲಿ ನಾಲ್ಕೂ ನಂಬರಿಗೆ ಅಲ್ಲೇ ಫೋನ್ ಮಾಡಿಸಿದೆ. ಗಣೇಶನದ್ದು ಸ್ವಂತ ನಂಬರ್. ಕನ್ನಡದಲ್ಲಿದ್ದ ‘ಲೈನ್‌ಮನ್’ ಆಫೀಸಿನದ್ದು, ಈಗ ಅದನ್ನು ಎತ್ತಿದ್ದೂ ಗಣೇಶನೇ! ಎರಡು ಸಲ ಒಂದೇ ಧ್ವನಿ ಕೇಳಿ ಅಂಕಲ್ ತಬ್ಬಿಬ್ಬಾದರು. `Linman Balle` ಬೇರೆ ಸೆಕ್ಷನ್‌ಗೆ ಹೋಗಿದ್ದ. ಅದನ್ನು ಅಳಿಸಲು ಹೊರಟಾಗ ‘ಬೇಡ, ಒಳ್ಳೆ ಹುಡುಗ’ ಅಂದರು. ಸರಿ, ಹೆಸರು ಕೇಳಿಕೊಂಡು ಹಾಕಿ, ಈಗಿನ ಊರು ಸೇರಿಸಿದೆವು. ಬೋಪಣ್ಣನವರ ಹೆಸರಿನಿಂದ `KEB` ತೆಗೆದು ಟಿಪ್ಪಣಿಗೆ ಹಾಕಿದೆ. ಅವರು ಫೋನಿನಲ್ಲೇ ಅಂಕಲ್‌ಗೆ ಒಂದು ಫೇಸ್ ಹೋದರೆ ಮೊದಲು ಏನು ನೋಡಬೇಕು ಅಂತ ಹತ್ತು ನಿಮಿಷ ಪಾಠ ಮಾಡಿದರು. ಆಮೇಲೆ `KEB` ಒತ್ತಿದರೆ ಮೂರೇ ಹೆಸರು, ಮೂರೂ ಕೆಲಸಕ್ಕೆ ಬರುವಂಥವು.

ಕೊಯ್ಲಿಗೆ ಬರುವ ಕೆಲಸದವರ ನಂಬರ್ ಇದಕ್ಕಿಂತ ಬೇಗ ಕೆಡುತ್ತದೆ. `Assam 1`, `Assam 2` ಅಂತ ಸೇವ್ ಮಾಡುವುದು ನೋಡಿದರೆ ನನಗೆ ಒಂಥರಾ ಆಗುತ್ತದೆ. ಅವರಿಗೂ ಹೆಸರಿದೆ ಅಲ್ವಾ? ಹುಡುಕಾಟದ ಲೆಕ್ಕದಲ್ಲೂ ಅದು ದಂಡ, ಮುಂದಿನ ವರ್ಷ ಒಂದು ಯಾರು ಎರಡು ಯಾರು ಅಂತ ಗೊತ್ತಾಗುವುದಿಲ್ಲ. ಸೀಸನ್ ಮುಗಿದು ಸಿಮ್ ಬಳಸದೆ ಬಿಟ್ಟರೆ ಕೆಲವು ತಿಂಗಳ ಮೇಲೆ ಆ ನಂಬರ್ ಬೇರೆ ಯಾರಿಗೋ ಹೋಗಬಹುದು. ಹೆಸರು, ಜೊತೆಗೆ ಬಂದ ಮೇಸ್ತ್ರಿಯ ಹೆಸರು, ವರ್ಷ ಹಾಕಿಡಿ. ಎರಡು ವರ್ಷ ಹಳೆಯದ್ದು ಕಂಡರೆ ಫೋನ್ ಮಾಡುವ ಮೊದಲೇ ಅನುಮಾನ ಇರಲಿ.

ರಿಪೇರಿ ಆಯ್ತಾ ಅಂತ ನೋಡುವುದು

ನೀವೇ ಹೆಸರಿಟ್ಟು ನೀವೇ ಹುಡುಕಿದರೆ ಸಿಕ್ಕೇ ಸಿಗುತ್ತದೆ. ಅದು ಪರೀಕ್ಷೆಯಲ್ಲ. ಫೋನನ್ನು ಮನೆಯಲ್ಲಿ ಬೇರೆ ಯಾರಿಗಾದರೂ ಕೊಟ್ಟು ‘ಕರೆಂಟ್ ಹೋಗಿದೆ, ಫೋನ್ ಮಾಡು’ ಅಂತಷ್ಟೇ ಹೇಳಿ. ಹೆಸರು ಹೇಳಬೇಡಿ. ಅವರ ಬೆರಳು ಮೊದಲು ಯಾವ ಪುಟಕ್ಕೆ ಹೋಗುತ್ತದೆ, ಯಾವ ಪದ ಒತ್ತುತ್ತದೆ ಅಂತ ಸುಮ್ಮನೆ ನೋಡಿ. ಒತ್ತಿದ್ದು ಫೋನಿನಲ್ಲಿ ಇಲ್ಲದ ಪದವಾದರೆ ಅದನ್ನೂ ಸೇರಿಸಿ.

ಒಂದು ವಾರ ಬಿಟ್ಟು ಅಂಕಲ್ ಮತ್ತೆ ಬಂದರು, ಈ ಸಲ ಆಂಟಿಯೂ ಜೊತೆಗಿದ್ದರು. ಮನೆಯಲ್ಲಿ ಪರೀಕ್ಷೆ ಮಾಡಿದ್ದರಂತೆ. ಆಂಟಿ `KEB` ಒತ್ತಲಿಲ್ಲ, `Lineman` ಒತ್ತಲಿಲ್ಲ. `Current` ಅಂತ ಒತ್ತಿದರು, ಏನೂ ಬರಲಿಲ್ಲ. ಗಣೇಶನ ಅಡ್ಡಹೆಸರಿನ ಖಾನೆಯಲ್ಲಿ ‘ಗಣಿ’ ಪಕ್ಕ `Current` ಸೇರಿಸಿಕೊಟ್ಟೆ. ಆಂಟಿ ಅಲ್ಲೇ ಒತ್ತಿ ನೋಡಿ, ಬಂತು ಅಂತ ಫೋನ್ ಬ್ಯಾಗಿಗೆ ಹಾಕಿಕೊಂಡರು.

ಹೊರಡುವ ಮೊದಲು ಅಂಕಲ್ ‘ನಿನ್ನ ನಂಬರ್ ಇದೆಯಾ ನೋಡು’ ಅಂದರು. ನನ್ನ ಫೋನಿನಿಂದ ಒಂದು ಮಿಸ್ಡ್ ಕಾಲ್ ಕೊಟ್ಟೆ. ಆಂಟಿಯ ಬ್ಯಾಗಿನೊಳಗೆ ಫೋನ್ ಹೊಡೆದುಕೊಂಡಿತು. ತೆಗೆದು ನೋಡಿದರೆ ಪರದೆಯ ಮೇಲೆ ನನ್ನ ಹೆಸರು: `Mobile New`.